ನೆನಪನ್ನು ಅಳೆಯುವ ಕೈ ಎಂಥದ್ದು? ಒಂದು ಕೆಲಸದ ಅರ್ಜಿ ಹೇಳಬೇಕಾದದ್ದು

ಆಸ್ಪತ್ರೆಯ ಮೆಮೊರಿ ಕ್ಲಿನಿಕ್‌ಗೆ ರಿಸರ್ಚ್ ಅಸಿಸ್ಟೆಂಟ್ ಬೇಕೆಂದು ಪ್ರಕಟಣೆ ಹೊರಟಾಗ, ಮನಃಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿದ ಹುಡುಗ ಹುಡುಗಿಯರು ಬರೆಯುವ ಕವರಿಂಗ್ ಲೆಟರ್‌ಗಳಲ್ಲಿ ಕೆಲವು ಮಾತುಗಳು ತಪ್ಪದೆ ಬರುತ್ತವೆ. ಹಿರಿಯರ ಬಗ್ಗೆ ತಮಗೆ ಕಾಳಜಿಯಿದೆ, ಮನೆಯಲ್ಲಿ ಅಜ್ಜಿಗೋ ತಾತನಿಗೋ ಮರೆವಿನ ಕಾಯಿಲೆ ಇತ್ತು, ಕಲಿಯುವ ಹಂಬಲವಿದೆ, ಎಷ್ಟು ಹೊತ್ತಾದರೂ ದುಡಿಯಬಲ್ಲೆವು. ಇವೆಲ್ಲ ನಿಜವೇ ಇರಬಹುದು. ಆದರೆ ಅರ್ಜಿ ಓದುವ ಪ್ರಧಾನ ಸಂಶೋಧಕರಿಗೆ ಬೇಕಾದ ಉತ್ತರ ಇವುಗಳಲ್ಲಿ ಇರುವುದಿಲ್ಲ. ಅವರ ಪ್ರಶ್ನೆ ಒಂದೇ: ಈ ಅಭ್ಯರ್ಥಿ ಒಬ್ಬ ಹಿರಿಯರ ಎದುರು ಕುಳಿತು ಒಂದು ಗಂಟೆ ಪರೀಕ್ಷೆ ನಡೆಸಿ ಹಾಳೆಯ ಮೇಲೆ ಬರೆಯುವ ಅಂಕವನ್ನು ನಂಬಬಹುದೇ? ಮೆಮೊರಿ ಕ್ಲಿನಿಕ್‌ನ ಕವರಿಂಗ್ ಲೆಟರ್ ಈ ಪ್ರಶ್ನೆಗೇ ಉತ್ತರ ಕೊಡಬೇಕು, ಆ ಉತ್ತರವನ್ನು ಗುಣವಾಚಕಗಳಲ್ಲಿ ಹೇಳದೆ, ತಾನು ಮಾಡಿದ ಒಂದು ಕೆಲಸದ ವಿವರದಲ್ಲಿ ತೋರಿಸಬೇಕು ಎಂಬುದು ಈ ಲೇಖನದ ವಾದ. ಅದು ಏಕೆಂದು ತಿಳಿಯಬೇಕಾದರೆ ಆ ಅಂಕ ಹುಟ್ಟುವ ಬಗೆಯನ್ನೂ ಅದು ಕೆಡುವ ಬಗೆಯನ್ನೂ ಮೊದಲು ನೋಡಬೇಕು.

ಅಂಕ ಕೆಡುವುದು ಎಲ್ಲಿ

ಡಿಮೆನ್ಷಿಯಾವನ್ನು ಒಂದು ರಕ್ತಪರೀಕ್ಷೆಯಿಂದಲೋ ಒಂದು ಸ್ಕ್ಯಾನ್‌ನಿಂದಲೋ ನೇರವಾಗಿ ಹೇಳಿಬಿಡಲು ಆಗುವುದಿಲ್ಲ. ರೋಗಿಯ ಮತ್ತು ಮನೆಯವರ ಮಾತು, ವೈದ್ಯರ ತಪಾಸಣೆ, ರಕ್ತ ಮತ್ತು ಮೆದುಳಿನ ಚಿತ್ರಗಳ ಜೊತೆಗೆ, ನೆನಪು, ಗಮನ, ಭಾಷೆ ಮುಂತಾದವನ್ನು ಅಳೆಯುವ ಪರೀಕ್ಷೆಗಳ ಅಂಕಗಳೂ ಸೇರಿ ತೀರ್ಮಾನವಾಗುತ್ತದೆ. ಇವುಗಳಲ್ಲಿ ಅತ್ಯಂತ ಹೆಸರಾದದ್ದು 1975ರಲ್ಲಿ ಅಮೆರಿಕದಲ್ಲಿ ಫೋಲ್‌ಸ್ಟೀನ್ ಮತ್ತು ಸಂಗಡಿಗರು ಪ್ರಕಟಿಸಿದ ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್. ಒಟ್ಟು 30 ಅಂಕ. 24ಕ್ಕಿಂತ ಕಡಿಮೆ ಬಂದರೆ ಅನುಮಾನ ಪಡಬೇಕು ಎಂಬುದು ರೂಢಿಯ ಅಳತೆ. ಈ ಅಳತೆಯನ್ನು ಶಾಲೆಯ ಮೆಟ್ಟಿಲನ್ನೇ ಹತ್ತದ ಕೋಲಾರ ಕಡೆಯ 68 ವರ್ಷದ ಒಬ್ಬ ಮಹಿಳೆಗೆ ಹಾಗೆಯೇ ಹಚ್ಚಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕೋಣ. ಆಕೆ ಹಸು ಸಾಕಿದ್ದಾರೆ, ಡೇರಿಗೆ ಹಾಕಿದ ಹಾಲಿನ ಲೆಕ್ಕ ಬಾಯಲ್ಲೇ ಇದೆ, ಯಾರಿಗೆ ಎಷ್ಟು ಸಾಲ ಕೊಟ್ಟಿದ್ದಾರೆಂಬುದು ಮರೆತಿಲ್ಲ. ಪರೀಕ್ಷೆಯಲ್ಲಿ ಚೀಟಿಯ ಮೇಲಿನ ವಾಕ್ಯ ಓದಿ ಅದರಂತೆ ಮಾಡುವುದಕ್ಕೆ 1 ಅಂಕ, ಒಂದು ವಾಕ್ಯ ಬರೆಯುವುದಕ್ಕೆ 1, ಒಂದರ ಮೇಲೊಂದು ಬಿದ್ದ ಎರಡು ಪಂಚಭುಜಗಳನ್ನು ನೋಡಿ ಬರೆಯುವುದಕ್ಕೆ 1, ನೂರರಿಂದ ಏಳೇಳು ಕಳೆಯುತ್ತ ಹೋಗುವುದಕ್ಕೆ 5. ಪೆನ್ಸಿಲ್ ಹಿಡಿದೇ ಗೊತ್ತಿಲ್ಲದ ಆಕೆಗೆ ಈ 8 ಅಂಕಗಳೂ ಸಿಗದೆ ಹೋಗಬಹುದು. ಉಳಿದೆಲ್ಲವನ್ನೂ ಸರಿಯಾಗಿ ಹೇಳಿದರೂ ಬರುವುದು 22. ತಾರೀಖು ಕೇಳಿದಾಗ ಅಮಾವಾಸ್ಯೆ ಕಳೆದು ಮೂರು ದಿನವಾಯಿತು ಎಂದು ಆಕೆ ತಿಥಿಯ ಲೆಕ್ಕದಲ್ಲಿ ಉತ್ತರಿಸಿದರೆ ಇನ್ನೂ ಒಂದು ಹೋಗಿ 21. ಕಾಯಿಲೆ ಇಲ್ಲದ ಮಿದುಳಿಗೆ ಕಾಯಿಲೆಯ ಅಂಕ ಬಂದಾಯಿತು.

ಈ ತೊಡಕು ಸಂಶೋಧಕರಿಗೆ ಬಹಳ ಹಿಂದೆಯೇ ತಿಳಿದಿತ್ತು. ಹರಿಯಾಣದ ಬಲ್ಲಭಗಢದಲ್ಲಿ ಕೆಲಸ ಮಾಡಿದ ಮೇರಿ ಗಂಗೂಲಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಹಿಂದಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್‌ನಲ್ಲಿ ಏಳೇಳು ಕಳೆಯುವುದರ ಬದಲು ವಾರದ ದಿನಗಳನ್ನು ಹಿಮ್ಮುಖವಾಗಿ ಹೇಳಿಸುತ್ತಾರೆ. ಚೀಟಿ ಓದಿ ಕಣ್ಣು ಮುಚ್ಚುವ ಬದಲು, ಪರೀಕ್ಷಕರು ಮಾಡಿದಂತೆಯೇ ಮಾಡಿ ತೋರಿಸಲು ಹೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಮತ್ತು ಕನ್ನಡ ಈ ಐದು ಭಾಷೆಗಳಲ್ಲಿ ಅರಿವಿನ ಪರೀಕ್ಷೆಗಳ ಒಂದು ಕಟ್ಟನ್ನೇ ಸಿದ್ಧಪಡಿಸಿದೆ. ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ಒಳ್ಳೆಯ ಪರೀಕ್ಷೆಯೂ ಅದನ್ನು ನಡೆಸುವವರ ಕೈಯಲ್ಲಿ ಕೆಡಬಹುದು, ಮತ್ತು ಆ ಕೈ ಸಾಮಾನ್ಯವಾಗಿ ರಿಸರ್ಚ್ ಅಸಿಸ್ಟೆಂಟ್‌ದು.

ಒಂದು ನಿಮಿಷದಲ್ಲಿ ಗೊತ್ತಿರುವಷ್ಟು ಪ್ರಾಣಿಗಳ ಹೆಸರು ಹೇಳಿ ಎನ್ನುವ ಪರೀಕ್ಷೆಯನ್ನು ತೆಗೆದುಕೊಳ್ಳಿ. ಇದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ ಎನಿಸುತ್ತದೆ. ಅದೇ ಮಹಿಳೆ ಹೀಗೆ ಹೇಳಿದರೆಂದುಕೊಳ್ಳಿ: ಹಸು, ಎಮ್ಮೆ, ಕುರಿ, ಮೇಕೆ, ನಾಯಿ, ಬೆಕ್ಕು, ಕೋಳಿ, ಹಸು, ದನ, ಕರು, ಹಕ್ಕಿ, ಗಿಣಿ. ಬಾಯಿಂದ ಬಂದದ್ದು 12. ಎರಡನೆಯ ಸಲ ಬಂದ ಹಸುವನ್ನು ಬಿಟ್ಟರೆ 11. ಕೋಳಿ, ಗಿಣಿ ಎಂದು ಬಿಡಿಬಿಡಿಯಾಗಿ ಹೇಳಿದ ಮೇಲೆ ಹಕ್ಕಿ ಎಂಬ ಒಟ್ಟು ಹೆಸರನ್ನು ಎಣಿಸಬೇಕೇ? ಹಸು, ಎಮ್ಮೆ ಎರಡನ್ನೂ ಹೇಳಿರುವಾಗ ದನ ಬೇರೆ ಪ್ರಾಣಿಯೇ? ಹಸು ಹೇಳಿದ ಮೇಲೆ ಕರು? ಉದಾರಿ ಪರೀಕ್ಷಕರು 11 ಬರೆಯುತ್ತಾರೆ, ಬಿಗಿ ಪರೀಕ್ಷಕರು 8 ಬರೆಯುತ್ತಾರೆ. ಇಬ್ಬರೂ ಪ್ರಾಮಾಣಿಕರೇ. ಆದರೆ ಮೊದಲ ಭೇಟಿಯಲ್ಲಿ ಉದಾರಿಯೂ ಒಂದು ವರ್ಷದ ನಂತರ ಬಿಗಿಯವರೂ ಕುಳಿತರೆ, ಆ ಮಹಿಳೆಯ ನೆನಪು ಕುಸಿಯುತ್ತಿದೆ ಎಂದು ಕಡತ ಹೇಳುತ್ತದೆ. ಕುಸಿದದ್ದು ಆಕೆಯ ನೆನಪಲ್ಲ, ಬದಲಾದದ್ದು ಎಣಿಕೆ. ಇದನ್ನು ಕಂಡುಹಿಡಿಯುವ ದಾರಿಯೂ ಇದೆ. ಒಟ್ಟು ಅಂಕವನ್ನಷ್ಟೇ ಬರೆಯದೆ ಬಾಯಿಂದ ಬಂದ ಪ್ರತಿ ಪದವನ್ನೂ ಅದೇ ಕ್ರಮದಲ್ಲಿ ಬರೆದಿಟ್ಟಿದ್ದರೆ, ಎರಡೂ ಹಾಳೆಗಳನ್ನು ಒಂದೇ ನಿಯಮದಲ್ಲಿ ಮತ್ತೆ ಎಣಿಸಬಹುದು. ಬರೆದಿಡದಿದ್ದರೆ ಆ ತಪ್ಪು ಶಾಶ್ವತ.

ಪತ್ರದ ನಡುವಿನ ಪ್ಯಾರಾ

ಈಗ ಕವರಿಂಗ್ ಲೆಟರ್‌ಗೆ ಬರೋಣ. ಒಂದು ಪುಟ ಮೀರದ ಈ ಪತ್ರದಲ್ಲಿ ಮೊದಲ ಪ್ಯಾರಾ ಯಾವ ಹುದ್ದೆ, ಯಾವ ಅಧ್ಯಯನ, ತನ್ನ ಪದವಿ ಯಾವುದು ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಿ ಮುಗಿಸಬೇಕು. ಪತ್ರ ನಿಲ್ಲುವುದೂ ಬೀಳುವುದೂ ನಡುವಿನ ಪ್ಯಾರಾದಲ್ಲಿ. ಬಹುತೇಕ ಅರ್ಜಿಗಳಲ್ಲಿ ಅಲ್ಲಿ, ನಾನು ಸೂಕ್ಷ್ಮ ಗಮನದವಳು, ಸಂವಹನ ಕೌಶಲವಿದೆ, ಎಸ್‌ಪಿಎಸ್‌ಎಸ್ ಬರುತ್ತದೆ ಎಂಬ ಪಟ್ಟಿ ಇರುತ್ತದೆ. ಅದರ ಜಾಗದಲ್ಲಿ ಹೀಗೊಂದು ಪ್ಯಾರಾ ಇದ್ದರೆ ಹೇಗಿರುತ್ತದೆ ನೋಡಿ. ಇದು ವಾದಕ್ಕಾಗಿ ಕಟ್ಟಿದ ಮಾದರಿ.

“ನನ್ನ ಎಂ.ಎಸ್ಸಿ. ಪ್ರಬಂಧಕ್ಕಾಗಿ 60 ದಾಟಿದ 40 ಮಂದಿಗೆ ಪ್ರಾಣಿಗಳ ಹೆಸರು ಹೇಳುವ ಪರೀಕ್ಷೆಯನ್ನೂ ಹತ್ತು ಪದಗಳನ್ನು ನೆನಪಿಡುವ ಪರೀಕ್ಷೆಯನ್ನೂ ಅವರ ಮನೆಗಳಲ್ಲೇ ಕನ್ನಡದಲ್ಲಿ ನಡೆಸಿದೆ. ಮೊದಲ 10 ಮಂದಿಯ ಉತ್ತರಗಳನ್ನು ನಾನೂ ಒಬ್ಬ ಸಹಪಾಠಿಯೂ ಬೇರೆ ಬೇರೆ ಕುಳಿತು ಎಣಿಸಿದಾಗ 4 ಮಂದಿಯ ಲೆಕ್ಕ ತಾಳೆಯಾಗಲಿಲ್ಲ. ಒಟ್ಟು ಹೆಸರುಗಳನ್ನೂ ಮರಿಗಳ ಹೆಸರುಗಳನ್ನೂ ಏನು ಮಾಡಬೇಕೆಂದು ನಾವು ಮೊದಲೇ ತೀರ್ಮಾನಿಸಿರಲಿಲ್ಲ. ಮಾರ್ಗದರ್ಶಕರನ್ನು ಕೇಳಿ ನಿಯಮ ಬರೆದುಕೊಂಡು ಆ 10 ಹಾಳೆಗಳನ್ನು ಮತ್ತೆ ಎಣಿಸಿದೆವು; ಉಳಿದ 30ಕ್ಕೂ ಅದೇ ನಿಯಮ ಅನುಸರಿಸಿದೆವು. ಇಬ್ಬರ ಪರೀಕ್ಷೆಯ ನಡುವೆ ಮನೆಯವರು ಉತ್ತರ ಹೇಳಿಕೊಟ್ಟಿದ್ದರಿಂದ ಅವರ ಅಂಕಗಳನ್ನು ವಿಶ್ಲೇಷಣೆಗೆ ಸೇರಿಸಲಿಲ್ಲ, ಹಾಗೆ ಬಿಟ್ಟಿದ್ದನ್ನು ಪ್ರಬಂಧದಲ್ಲಿ ದಾಖಲಿಸಿದ್ದೇನೆ.”

ಸೂಕ್ಷ್ಮ ಗಮನ ಎಂಬ ಮಾತು ಈ ಪ್ಯಾರಾದಲ್ಲಿ ಎಲ್ಲೂ ಇಲ್ಲ, ಆದರೆ ಓದಿದವರಿಗೆ ಅದು ಇದೆಯೆಂದು ಗೊತ್ತಾಗುತ್ತದೆ. ಉತ್ತರಗಳನ್ನು ಪದಪದವಾಗಿ ಬರೆದಿಟ್ಟಿದ್ದರು, ಇಲ್ಲದಿದ್ದರೆ ಮತ್ತೆ ಎಣಿಸಲು ಆಗುತ್ತಿರಲಿಲ್ಲ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡುವುದು ಸಂಶೋಧನೆಯ ಮೂಲ ಶಿಸ್ತು ಎಂಬುದು ತಿಳಿದಿತ್ತು. ತಮ್ಮ ಮನಸ್ಸಿಗೆ ತೋಚಿದಂತೆ ನಿಯಮ ಮಾಡದೆ ಮಾರ್ಗದರ್ಶಕರನ್ನು ಕೇಳಿದರು. ಕೆಟ್ಟ ಅಂಕವನ್ನು ಗುಟ್ಟಾಗಿ ತೆಗೆದುಹಾಕಲಿಲ್ಲ, ಗುಟ್ಟಾಗಿ ಉಳಿಸಿಕೊಳ್ಳಲೂ ಇಲ್ಲ. ಇನ್ನೂ ಮುಖ್ಯವಾಗಿ, ಸಂದರ್ಶನದಲ್ಲಿ ಇದರ ಪ್ರತಿ ವಾಕ್ಯದ ಮೇಲೂ ಪ್ರಶ್ನೆ ಕೇಳಬಹುದು: ಮನೆಯವರನ್ನು ಆಚೆ ಕಳಿಸಲು ಏನು ಹೇಳಿದಿರಿ? ಹತ್ತು ಪದಗಳನ್ನು ಕೇಳಿಸಿ ಎಷ್ಟು ಹೊತ್ತಿನ ಮೇಲೆ ಮತ್ತೆ ಕೇಳಿದಿರಿ, ಆ ಹೊತ್ತು ಎಲ್ಲರಿಗೂ ಒಂದೇ ಇತ್ತೇ? ನಿಜವಾಗಿ ಮಾಡಿದವರಿಗೆ ಉತ್ತರ ಬಾಯಲ್ಲೇ ಇರುತ್ತದೆ. ನಕಲು ಮಾಡಿದ ಪ್ಯಾರಾ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಕೆಲಸ ಕೇಳುವ ಪತ್ರದಲ್ಲಿ ತನ್ನ ಲೆಕ್ಕ ತಪ್ಪಿದ್ದನ್ನು ಯಾರಾದರೂ ಬರೆಯುತ್ತಾರೆಯೇ? ಬೇರೆ ಕೆಲವು ಉದ್ಯೋಗಗಳಲ್ಲಿ ಇದು ಜಾಣತನವಲ್ಲದಿರಬಹುದು. ಆದರೆ ಅಳತೆಯೇ ಕೆಲಸವಾದಲ್ಲಿ ತಪ್ಪು ಬಾರದವರು ಯಾರೂ ಇಲ್ಲ. ತಪ್ಪನ್ನು ಹುಡುಕುವವರು, ಹುಡುಕದವರು ಎಂಬ ಎರಡು ಬಗೆಯವರಿದ್ದಾರೆ, ಅಷ್ಟೆ. ತನ್ನ ದತ್ತಾಂಶದಲ್ಲಿ ಯಾವ ದೋಷವನ್ನೂ ಕಾಣದ ಅಭ್ಯರ್ಥಿ ಹುಡುಕಿಲ್ಲ ಎಂದೇ ಅನುಭವಿ ಸಂಶೋಧಕರು ತಿಳಿಯುತ್ತಾರೆ. ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ದೇಶದ ಬೇರೆ ಬೇರೆ ರಾಜ್ಯಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹಿರಿಯರಿಗೆ ಇಂಥ ಪರೀಕ್ಷೆಗಳನ್ನು ನಡೆಸಿ ಪಡೆದ ಮಾಹಿತಿಯೇ ಆ ಅಂದಾಜಿನ ತಳಹದಿ. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚೆಂದು ಅದು ಹೇಳುತ್ತದೆ. ಶಾಲೆಯ ಮುಖ ನೋಡದವರೂ ಇವರಲ್ಲೇ ಹೆಚ್ಚು. ಆದ್ದರಿಂದ ಪರೀಕ್ಷೆ ನಡೆಸುವವರ ಎಚ್ಚರ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಅದು ತಪ್ಪುವ ಅಪಾಯವೂ ಹೆಚ್ಚು.

ಇನ್ನೊಂದು ಆಕ್ಷೇಪ ಹೊಸ ಪದವೀಧರರದು. ನಮ್ಮ ಪ್ರಬಂಧ ಗೂಗಲ್ ಫಾರ್ಮ್‌ನಲ್ಲಿ ಕಾಲೇಜು ಹುಡುಗರಿಂದ ಪ್ರಶ್ನಾವಳಿ ತುಂಬಿಸಿದ್ದು, ಹಿರಿಯರ ಎದುರು ನಾವು ಕುಳಿತೇ ಇಲ್ಲ, ಇಲ್ಲದ ಅನುಭವವನ್ನು ಎಲ್ಲಿಂದ ತರೋಣ ಎಂದು ಅವರು ಕೇಳುತ್ತಾರೆ. ತರಬೇಕಾಗಿಲ್ಲ. ಮನಃಶಾಸ್ತ್ರ ಓದಿದವರೆಲ್ಲ ಪ್ರಾಕ್ಟಿಕಲ್ ತರಗತಿಯಲ್ಲಿ ಒಬ್ಬರ ಮೇಲಾದರೂ ಪರೀಕ್ಷೆ ನಡೆಸಿ ರೆಕಾರ್ಡ್ ಬರೆದಿರುತ್ತಾರೆ. ಸೂಚನೆಗಳನ್ನು ಕೈಪಿಡಿಯಲ್ಲಿ ಇದ್ದಂತೆಯೇ ಹೇಳಿದೆನೇ, ಸರಿ ಉತ್ತರ ಬಂದಾಗ ತಲೆಯಾಡಿಸಿ ಸುಳಿವು ಕೊಟ್ಟೆನೇ, ಸ್ಟಾಪ್‌ವಾಚ್ ಒತ್ತುವುದು ಎರಡು ಸೆಕೆಂಡು ತಡವಾದಾಗ ಏನು ಬರೆದೆ ಎಂಬ ಪ್ರಶ್ನೆಗಳು ಅಲ್ಲೂ ಇವೆ. ಗೂಗಲ್ ಫಾರ್ಮ್‌ನ ದತ್ತಾಂಶದಲ್ಲೂ ಒಬ್ಬರೇ ಎರಡು ಸಲ ತುಂಬಿದ್ದನ್ನು ಹೇಗೆ ಪತ್ತೆ ಹಚ್ಚಿದೆ, ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಗುರುತಿಸಿದವರನ್ನು ಏನು ಮಾಡಿದೆ ಎಂದು ಹೇಳಬಹುದು. ಸಣ್ಣ ಕೆಲಸವನ್ನು ಸಣ್ಣದೆಂದೇ ಹೇಳಿ ಅದರ ವಿವರ ಕೊಟ್ಟರೆ ಸಾಕು. ಎರಡು ವಾರ ಆಸ್ಪತ್ರೆಯಲ್ಲಿ ನಿಂತು ನೋಡಿದ್ದನ್ನು ‘ಕ್ಲಿನಿಕಲ್ ಅನುಭವ’ ಎಂದು ಬರೆದರೆ ಮಾತ್ರ ಪತ್ರದ ಉಳಿದ ನಿಜಗಳ ಮೇಲೂ ಅನುಮಾನ ಹುಟ್ಟುತ್ತದೆ.

ಕರುಣೆ ಕಾಣುವುದು ಎಲ್ಲಿ

ಹೀಗೆ ಬರೆದ ಪತ್ರ ಶುಷ್ಕವಾಗುವುದಿಲ್ಲವೇ, ಮರೆವಿನಿಂದ ಕಂಗಾಲಾದ ಹಿರಿಯರ ಜೊತೆಗಿನ ಕೆಲಸಕ್ಕೆ ಕರುಣೆ ಬೇಡವೇ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಕರುಣೆ ಬೇಕೇ ಬೇಕು. ಆದರೆ ಪರೀಕ್ಷೆಯ ಕೋಣೆಯಲ್ಲಿ ಕರುಣೆ ಎಂದರೇನು ಎಂದು ಕೇಳಿಕೊಳ್ಳಬೇಕು. ಪದ ನೆನಪಾಗದೆ ಒದ್ದಾಡುವ ಅಜ್ಜಿಗೆ ಮೊದಲ ಅಕ್ಷರ ಹೇಳಿಕೊಡುವುದು ಕರುಣೆಯೆಂದು ತೋರುತ್ತದೆ. ನಿಯಮದಲ್ಲಿ ಇಲ್ಲದ ಆ ಸುಳಿವಿನಿಂದ ಅಂಕ ಹೆಚ್ಚುತ್ತದೆ, ಕಾಯಿಲೆಯ ಮೊದಲ ಹಂತ ಕಣ್ತಪ್ಪುತ್ತದೆ, ಚಿಕಿತ್ಸೆಯೂ ಮನೆಯವರ ತಯಾರಿಯೂ ತಡವಾಗುತ್ತವೆ. ನಿಜವಾದ ಕರುಣೆ ಬೇರೆ ಕಡೆ ಕೆಲಸ ಮಾಡುತ್ತದೆ. ಪರೀಕ್ಷೆ ಶುರುವಾಗುವ ಮುನ್ನ ಕನ್ನಡಕ ತಂದಿದ್ದೀರಾ, ಕಿವಿ ಸರಿಯಾಗಿ ಕೇಳುತ್ತದೆಯೇ ಎಂದು ವಿಚಾರಿಸುವುದು. ಕೆಲವು ಪ್ರಶ್ನೆಗಳು ಎಲ್ಲರಿಗೂ ಕಷ್ಟವಾಗುವಂತೆಯೇ ಮಾಡಿದ್ದು ಎಂದು ಮೊದಲೇ ಹೇಳುವುದು. ದಣಿದಾಗ ನಿಲ್ಲಿಸುವುದು, ನಿಲ್ಲಿಸಿದ್ದನ್ನು ಬರೆಯುವುದು. ಅಮ್ಮನಿಗೆ ಏನೂ ನೆನಪಿರುವುದಿಲ್ಲ ಎಂದು ಮಗ ಆಕೆಯ ಎದುರೇ ಹೇಳತೊಡಗಿದಾಗ, ನಿಮ್ಮ ಜೊತೆ ಬೇರೆ ಕುಳಿತು ಮಾತಾಡುತ್ತೇನೆ ಎಂದು ಅವರನ್ನು ತಡೆಯುವುದು. ಡಿಮೆನ್ಷಿಯಾದ ತೀವ್ರತೆ ಅಳೆಯುವ ಕ್ಲಿನಿಕಲ್ ಡಿಮೆನ್ಷಿಯಾ ರೇಟಿಂಗ್‌ನಲ್ಲಿ ಹತ್ತಿರದವರ ಸಂದರ್ಶನವೂ ರೋಗಿಯ ಸಂದರ್ಶನವೂ ಬೇರೆ ಬೇರೆಯಾಗಿಯೇ ಇರುತ್ತವೆ. ಹಾಗೆ ಮಾಡಿದಾಗ ಅಂಕವೂ ಶುದ್ಧವಾಗುತ್ತದೆ, ಹಿರಿಯರ ಮರ್ಯಾದೆಯೂ ಉಳಿಯುತ್ತದೆ. ಅಜ್ಜಿಯ ಕಾಯಿಲೆಯಿಂದ ಈ ಕ್ಷೇತ್ರಕ್ಕೆ ಬಂದೆ ಎಂಬುದು ನಿಜವಾದರೆ ಒಂದು ವಾಕ್ಯದಲ್ಲಿ ಹೇಳಲಿ, ತಪ್ಪಿಲ್ಲ. ಆದರೆ ಅದು ಈ ಕೆಲಸದ ಕಡೆಗೆ ಏಕೆ ಬಂದರು ಎಂಬುದನ್ನು ಹೇಳುತ್ತದೆಯೇ ಹೊರತು ಹೇಗೆ ಮಾಡುತ್ತಾರೆ ಎಂಬುದನ್ನಲ್ಲ.

ಇದೇ ಸಂದರ್ಭದಲ್ಲಿ ಪತ್ರ ಹೇಳಬಾರದ ಎರಡು ಸಂಗತಿಗಳಿವೆ. ಇಂಟರ್ನ್‌ಶಿಪ್‌ನಲ್ಲಿ ಕಂಡ ರೋಗಿಯೊಬ್ಬರ ಊರು, ಉದ್ಯೋಗ, ವಯಸ್ಸು, ಮನೆಯ ಕಷ್ಟಗಳನ್ನೆಲ್ಲ ಬರೆದು ಮನಕರಗಿಸುವ ಅರ್ಜಿಗಳುಂಟು. ಹೆಸರು ಬಿಟ್ಟ ಮಾತ್ರಕ್ಕೆ ಗುರುತು ಮುಚ್ಚುವುದಿಲ್ಲ. ಒಂದು ಕ್ಲಿನಿಕ್‌ನ ಗುಟ್ಟನ್ನು ಕೆಲಸಕ್ಕಾಗಿ ಬಿಟ್ಟುಕೊಟ್ಟವರು ನಾಳೆ ನಮ್ಮದನ್ನೂ ಬಿಟ್ಟುಕೊಡುತ್ತಾರೆ ಎಂದು ಓದುವವರಿಗೆ ಅನ್ನಿಸುವುದು ಸಹಜ. ಎರಡನೆಯದು, ರೋಗನಿರ್ಣಯ ಮಾಡಬಲ್ಲೆ, ಕೌನ್ಸೆಲಿಂಗ್ ಕೊಡಬಲ್ಲೆ ಎಂಬ ಮಾತು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಬೇರೆಯೇ ತರಬೇತಿ ಮತ್ತು ಮಾನ್ಯತೆ ಬೇಕು, ಎಂ.ಎಸ್ಸಿ. ಪದವಿಯಷ್ಟೇ ಅದನ್ನು ಕೊಡುವುದಿಲ್ಲ. ಖಿನ್ನತೆಯಿಂದಲೂ ಥೈರಾಯ್ಡ್ ಅಥವಾ ಬಿ12 ಕೊರತೆಯಿಂದಲೂ ಅಂಕ ಇಳಿಯಬಹುದು, ಆದ್ದರಿಂದ ಅಂಕದ ಅರ್ಥವೇನೆಂದು ತೀರ್ಮಾನಿಸುವುದು ತಜ್ಞರ ಪಾಲಿನದು. ಫಲಿತಾಂಶ ಏನೆಂದು ಮನೆಯವರು ಬಾಗಿಲಲ್ಲೇ ಕೇಳಿದಾಗ ತಾನು ಹೇಳುವಂತಿಲ್ಲ, ವೈದ್ಯರು ವಿವರಿಸುತ್ತಾರೆ ಎಂದು ತಿಳಿಹೇಳುತ್ತೇನೆ ಎಂಬ ಒಂದು ವಾಕ್ಯ ಪತ್ರದಲ್ಲಿದ್ದರೆ ತನ್ನ ಗೆರೆ ಎಲ್ಲಿದೆಯೆಂದು ಅಭ್ಯರ್ಥಿಗೆ ಗೊತ್ತಿದೆ ಎಂದಾಯಿತು.

ಭಾಷೆ ಮತ್ತು ಅವಧಿ

ಬಯೋಡೇಟಾದ ಕೊನೆಯ ಸಾಲಿಗೆ ತಳ್ಳಿಬಿಡುವ ‘ತಿಳಿದ ಭಾಷೆಗಳು’ ಈ ಹುದ್ದೆಗೆ ಪತ್ರದೊಳಗೇ ಬರಬೇಕಾದ ವಿಷಯ. ಈಗ ನಿಮ್ಹಾನ್ಸ್‌ನಲ್ಲಿರುವ ನರತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದ್‌ನ ಕ್ಲಿನಿಕ್‌ನಲ್ಲಿ 648 ಡಿಮೆನ್ಷಿಯಾ ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು; ಅನಕ್ಷರಸ್ಥರಲ್ಲೂ ಆ ವ್ಯತ್ಯಾಸ ಇತ್ತು. ಅಂದರೆ ರೋಗಿ ಯಾವ ಯಾವ ಭಾಷೆಯಲ್ಲಿ ಬದುಕುತ್ತಾರೆ ಎಂಬುದೇ ಸಂಶೋಧನೆಯ ಒಂದು ಮಾಹಿತಿ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಕೋಲಾರದವರು, ದಖನಿ ಉರ್ದು ಆಡುವ ಕಲಬುರಗಿಯವರು, ತುಳು ಮಾತಿನ ಮಂಗಳೂರಿನವರು ಒಂದೇ ಕ್ಲಿನಿಕ್‌ಗೆ ಬರುತ್ತಾರೆ. ಕನ್ನಡ, ತೆಲುಗು ಬರುತ್ತದೆ ಎಂದಷ್ಟೇ ಬರೆಯುವುದಕ್ಕಿಂತ, ಕನ್ನಡದಲ್ಲಿ ಪರೀಕ್ಷೆ ನಡೆಸಬಲ್ಲೆ, ತೆಲುಗಿನಲ್ಲಿ ಮನೆಯವರೊಂದಿಗೆ ಮಾತಾಡಬಲ್ಲೆ ಆದರೆ ಪರೀಕ್ಷೆ ನಡೆಸುವಷ್ಟು ಹಿಡಿತವಿಲ್ಲ ಎಂದು ಬರೆಯುವುದು ಹೆಚ್ಚು ಉಪಯೋಗದ ಮಾತು. ಓದಲು ಬಾರದವರಿಂದ ಒಪ್ಪಿಗೆ ಪಡೆಯುವಾಗ ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕಾಗುತ್ತದೆ. ಇದು ಚಿಕಿತ್ಸೆಯಲ್ಲ, ಅಧ್ಯಯನ; ಬೇಡವೆಂದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ ಎಂಬುದನ್ನು ಆ ಊರಿನವರ ಮಾತಿನಲ್ಲೇ ಮನಗಾಣಿಸುವ ಶಕ್ತಿ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ.

ಸರ್ಕಾರಿ ಸಂಸ್ಥೆಗಳ ಯೋಜನಾ ಹುದ್ದೆಗಳಲ್ಲಿ ಅರ್ಹತೆ, ಶೇಕಡಾವಾರು ಅಂಕ, ವಾಕ್‌-ಇನ್ ಸಂದರ್ಶನ ಇವುಗಳೇ ನಡೆಯುತ್ತವೆ, ಪತ್ರ ಯಾರು ಓದುತ್ತಾರೆ ಎಂದು ಕೇಳುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅರ್ಹತೆಯ ಜರಡಿಯನ್ನು ಪತ್ರ ದಾಟಿಸಲಾರದು. ಆದರೆ ಜರಡಿ ದಾಟಿ ಬಂದವರೆಲ್ಲರ ಪದವಿಯೂ ಒಂದೇ ಆಗಿರುವಾಗ, ಸಂದರ್ಶಕರ ಮುಂದೆ ಇರುವ ಕಡತದಲ್ಲಿ ಕೇಳಲು ಯೋಗ್ಯವಾದ ಏನಾದರೂ ಸಿಗುವುದು ಇಂಥ ಪತ್ರದಲ್ಲೇ. ತನ್ನ ಕೆಲಸವನ್ನು ಹೀಗೆ ಬರೆದು ನೋಡಿದ ಅಭ್ಯರ್ಥಿಗೆ, ಪತ್ರವನ್ನು ಯಾರೂ ಓದದಿದ್ದರೂ, ಸಂದರ್ಶನದ ಉತ್ತರಗಳು ಸಿದ್ಧವಾಗಿರುತ್ತವೆ.

ಕೊನೆಯ ಪ್ಯಾರಾದಲ್ಲಿ ಅಭ್ಯರ್ಥಿಗಳು ಸಾಮಾನ್ಯವಾಗಿ ಮುಚ್ಚಿಡುವ ಒಂದು ವಿಷಯ ಬರಬೇಕು: ಎಷ್ಟು ಕಾಲ ಇರುತ್ತೇನೆ. ಮುಂದಿನ ತರಬೇತಿಗೋ ಪಿಎಚ್.ಡಿ.ಗೋ ಹೋಗುವ ಯೋಚನೆಯಿದ್ದರೆ ಹೇಳುವುದೇ ಲೇಸು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುತ್ತ ಬಂದಿದೆ. ಇಂಥ ಅಧ್ಯಯನಗಳಲ್ಲಿ ಮುಖ್ಯವಾದದ್ದು ಒಬ್ಬ ವ್ಯಕ್ತಿಯ ಇಂದಿನ ಅಂಕಕ್ಕೂ ಮುಂದಿನ ವರ್ಷಗಳ ಅಂಕಕ್ಕೂ ಇರುವ ಅಂತರ, ಮತ್ತು ಆ ನಡುವೆ ಪರೀಕ್ಷೆ ನಡೆಸುವವರು ಬದಲಾಗಿಯೇ ಆಗುತ್ತಾರೆ. ಹೊರಡುವ ದಿನ ಗೊತ್ತಿದ್ದರೆ ಕ್ಲಿನಿಕ್ ಹೊಸಬರನ್ನು ಮೊದಲೇ ಕರೆಸಿ, ಇಬ್ಬರನ್ನೂ ಒಂದೇ ರೋಗಿಯ ಮುಂದೆ ಕೂರಿಸಿ, ಇಬ್ಬರ ಎಣಿಕೆ ತಾಳೆಯಾಗುವವರೆಗೆ ತರಬೇತಿ ಕೊಡಬಹುದು. ಗೊತ್ತಿಲ್ಲದೆ ಹೋದರೆ ಹತ್ತಾರು ಹಿರಿಯರ ಕಡತಗಳಲ್ಲಿ ಕೈ ಬದಲಾದ ಗುರುತು ಕಾಯಿಲೆಯ ಗುರುತಿನಂತೆ ಉಳಿದುಬಿಡುತ್ತದೆ. ಹದಿನೆಂಟು ತಿಂಗಳು ಖಂಡಿತ ಇರುತ್ತೇನೆ, ನಾನು ಎಣಿಕೆಗೆ ಬಳಸಿದ ಪ್ರತಿ ನಿಯಮವನ್ನೂ ಮುಂದಿನವರಿಗಾಗಿ ಬರೆದಿಟ್ಟು ಹೋಗುತ್ತೇನೆ ಎಂದು ಒಬ್ಬ ಪದವೀಧರೆ ಬರೆದರೆ, ತನ್ನ ಕೈಯಿಂದ ಬರುವ ಅಂಕ ತಾನು ಹೋದ ಮೇಲೂ ನಂಬಿಕೆಗೆ ಅರ್ಹವಾಗಿರಬೇಕು ಎಂಬುದು ಆಕೆಗೆ ತಿಳಿದಿದೆ. ಮೆಮೊರಿ ಕ್ಲಿನಿಕ್ ಹುಡುಕುತ್ತಿರುವುದು ಆ ತಿಳಿವಳಿಕೆಯನ್ನೇ.